ಯಾವ ವಾಕ್ಯಕ್ಕೆ ಯಾವ ಮನೆ? ಇಮ್ರಾಡ್ ರಚನೆಯಲ್ಲಿ ವೈಜ್ಞಾನಿಕ ಪ್ರಬಂಧ ಬರೆಯುವ ಬಗೆ

ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧದ ಕರಡು ಕೈಗೆ ಬಂದಾಗ ನಾನು ಮೊದಲು ತೆರೆಯುವುದು ವಿಧಾನಗಳ ವಿಭಾಗವನ್ನು. ಪೆನ್ಸಿಲ್ ಹಿಡಿದು ಒಂದೇ ಸಂಗತಿಗಾಗಿ ಹುಡುಕುತ್ತೇನೆ: ಅಧ್ಯಯನ ನಡೆದ ಮೇಲಷ್ಟೇ ಗೊತ್ತಾಗಬಹುದಾದ ಮಾತು ಇಲ್ಲಿ ಸೇರಿಕೊಂಡಿದೆಯೇ? ಹೆಚ್ಚಿನ ಕರಡುಗಳಲ್ಲಿ ಸೇರಿಕೊಂಡಿರುತ್ತದೆ. ಆಮೇಲೆ ಫಲಿತಾಂಶಗಳ ವಿಭಾಗಕ್ಕೆ ಹೋಗಿ ಅಲ್ಲಿ ಲೇಖಕರ ಅಭಿಪ್ರಾಯ ಎಲ್ಲೆಲ್ಲಿ ಇಣುಕಿದೆ ಎಂದು ನೋಡುತ್ತೇನೆ. ಅಲ್ಲೂ ಸಿಗುತ್ತದೆ. ಭಾಷೆ ಚೆನ್ನಾಗಿರುತ್ತದೆ, ಕೆಲಸವೂ ಪ್ರಾಮಾಣಿಕವಾಗಿರುತ್ತದೆ. ಆದರೆ ವಾಕ್ಯಗಳು ತಮ್ಮದಲ್ಲದ ಮನೆಯಲ್ಲಿ ಕುಳಿತಿರುತ್ತವೆ.

ಇಮ್ರಾಡ್ ಎಂಬುದು ನಾಲ್ಕು ವಿಭಾಗಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಕಟ್ಟಿದ ಪದ: ಇಂಟ್ರೊಡಕ್ಷನ್, ಮೆಥಡ್ಸ್, ರಿಸಲ್ಟ್ಸ್ ಆ್ಯಂಡ್ ಡಿಸ್ಕಷನ್. ಕನ್ನಡದಲ್ಲಿ ಪೀಠಿಕೆ, ವಿಧಾನಗಳು, ಫಲಿತಾಂಶಗಳು, ಚರ್ಚೆ ಎನ್ನೋಣ. ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಇದು 1940ರ ದಶಕದಲ್ಲಿ ಕಾಣಿಸಿಕೊಂಡು, 1980ರ ದಶಕದ ಹೊತ್ತಿಗೆ ಮೂಲ ಸಂಶೋಧನೆಯ ಪ್ರಬಂಧಗಳಿಗೆ ಬಹುಮಟ್ಟಿಗೆ ಏಕೈಕ ರೂಪವಾಯಿತು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಓದುಗನ ನಾಲ್ಕು ಪ್ರಶ್ನೆಗಳನ್ನು ಹೇಳಿದ್ದರು. ಏಕೆ ಶುರು ಮಾಡಿದಿರಿ, ಏನು ಮಾಡಿದಿರಿ, ಏನು ಉತ್ತರ ಸಿಕ್ಕಿತು, ಅದರ ಅರ್ಥವೇನು? ನಾಲ್ಕು ವಿಭಾಗಗಳು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ.

ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಇಷ್ಟು ತಿಳಿದ ಮೇಲೂ ತಪ್ಪುಗಳು ಉಳಿಯುವುದರಿಂದ ನಾನು ಇನ್ನೊಂದು ಅಳತೆಗೋಲು ಕೊಡುತ್ತೇನೆ, ಅದು ಕಾಲದ ಅಳತೆಗೋಲು. ಯಾವುದೇ ವಾಕ್ಯವನ್ನು ಎತ್ತಿಕೊಂಡು ಕೇಳಿ: ದತ್ತಾಂಶ ಕೈಗೆ ಬರುವ ಮೊದಲೇ ಇದನ್ನು ಬರೆಯಬಹುದಿತ್ತೇ? ಬರೆಯಬಹುದಿತ್ತು ಎಂದಾದರೆ ಅದು ಪೀಠಿಕೆಗೋ ವಿಧಾನಗಳಿಗೋ ಸೇರಿದ್ದು. ದತ್ತಾಂಶ ಬಂದ ಮೇಲಷ್ಟೇ ಸಾಧ್ಯವೆಂದಾದರೆ ಮತ್ತೊಂದು ಪ್ರಶ್ನೆ ಕೇಳಿ: ನನ್ನನ್ನು ಒಪ್ಪದವರೂ ಇದನ್ನು ಹೀಗೆಯೇ ಬರೆಯುತ್ತಿದ್ದರೇ? ಹೌದಾದರೆ ಅದು ಫಲಿತಾಂಶ, ಇಲ್ಲವಾದರೆ ಚರ್ಚೆ.

ಈ ಅಳತೆಗೋಲನ್ನು ಒಂದು ನಿಜವಾದ ಪ್ರಬಂಧದ ಮೇಲೆ ಇಟ್ಟು ನೋಡೋಣ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ಪರೀಕ್ಷಿಸಿದ ಭಾಗ ಅದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹೋರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಅದರ ಮುಖ್ಯ ಸಂಶೋಧಕರು. ಪ್ರಬಂಧ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಜಾಲತಾಣದಲ್ಲಿ 2020ರ ಜುಲೈನಲ್ಲಿ ಬಂತು. ಆ ಮಾತ್ರೆಯ ಹೆಸರು ನಮ್ಮೂರುಗಳಲ್ಲೂ ಮನೆಮಾತಾಗಿದ್ದನ್ನು ನೀವು ಕಂಡಿದ್ದೀರಿ. ಪ್ರಬಂಧ ಉಚಿತವಾಗಿ ಓದಲು ಸಿಗುತ್ತದೆ. ಪಕ್ಕದಲ್ಲಿ ತೆರೆದಿಟ್ಟುಕೊಂಡು ಇದನ್ನು ಓದಿದರೆ ಇನ್ನೂ ಒಳ್ಳೆಯದು.

ಓದುವ ಕ್ರಮದಲ್ಲಿ ಬರೆಯಬೇಕಾಗಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಪೀಠಿಕೆಯಿಂದ ಶುರು ಮಾಡಿದವರು ಸಾಮಾನ್ಯವಾಗಿ ಅಲ್ಲೇ ವಾರಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕೆಳಗಿನ ಹಂತಗಳು ಬರೆಯುವ ಕ್ರಮದಲ್ಲಿವೆ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡಿ

ಖಾಲಿ ಹಾಳೆಯ ತಲೆಯ ಮೇಲೆ ನಿಮ್ಮ ಅಧ್ಯಯನದ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಯಾರಲ್ಲಿ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿದರೆ, ಯಾವ ಅಳತೆಯಲ್ಲಿ ವ್ಯತ್ಯಾಸವಾಗುತ್ತದೆ ಎಂಬ ನಾಲ್ಕೂ ಅದರಲ್ಲಿರಬೇಕು. ರಿಕವರಿಯ ಪ್ರಶ್ನೆಯನ್ನು ನಾನು ಹೀಗೆ ಬರೆಯುತ್ತೇನೆ: ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾದವರಿಗೆ ಎಂದಿನ ಚಿಕಿತ್ಸೆಯ ಜೊತೆ ಡೆಕ್ಸಾಮೆಥಾಸೋನ್ ಕೊಟ್ಟರೆ, ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ 28 ದಿನಗಳೊಳಗಿನ ಸಾವು ಕಡಿಮೆಯಾಗುತ್ತದೆಯೇ?

‘ಡೆಕ್ಸಾಮೆಥಾಸೋನ್ ಕೋವಿಡ್‌ಗೆ ಒಳ್ಳೆಯದೇ’ ಎಂದು ಬರೆದಿದ್ದರೆ ಮುಂದೆ ಎಲ್ಲವೂ ಸಡಿಲವಾಗುತ್ತಿತ್ತು. ಒಳ್ಳೆಯದು ಎಂದರೆ ಜ್ವರ ಇಳಿಯುವುದೋ, ಬೇಗ ಮನೆಗೆ ಹೋಗುವುದೋ, ಬದುಕುಳಿಯುವುದೋ? ಈ ವಾಕ್ಯ ಪೀಠಿಕೆಯ ಕೊನೆಯಲ್ಲಿ, ವಿಧಾನಗಳ ಅಳತೆಯಲ್ಲಿ, ಫಲಿತಾಂಶಗಳ ಮುಖ್ಯ ಸಂಖ್ಯೆಯಲ್ಲಿ, ಚರ್ಚೆಯ ಮೊದಲ ಸಾಲಿನಲ್ಲಿ ನಾಲ್ಕು ಬೇರೆ ಬೇರೆ ವೇಷಗಳಲ್ಲಿ ಬರಲಿದೆ. ಆದ್ದರಿಂದ ಅದು ಬಿಗಿಯಾಗುವವರೆಗೆ ಮುಂದೆ ಹೋಗಬೇಡಿ.

ಹಂತ 2: ವಿಧಾನಗಳು

ಇದನ್ನು ಮೊದಲು ಬರೆಯಿರಿ, ಏಕೆಂದರೆ ಇದರ ಬಹುಪಾಲು ಈಗಾಗಲೇ ನಿಮ್ಮ ಅಧ್ಯಯನದ ಯೋಜನೆಯಲ್ಲಿ ಇರುತ್ತದೆ. ಭವಿಷ್ಯತ್ಕಾಲದಲ್ಲಿರುವ ಕ್ರಿಯಾಪದಗಳನ್ನು ಭೂತಕಾಲಕ್ಕೆ ತಂದರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಬರಬೇಕಾದದ್ದು ಇನ್ನೊಬ್ಬರು ಇದೇ ಕೆಲಸವನ್ನು ಮತ್ತೆ ಮಾಡಿ ನೋಡಲು ಅಥವಾ ಕನಿಷ್ಠಪಕ್ಷ ಸರಿಯೇ ಎಂದು ತೂಗಿ ನೋಡಲು ಬೇಕಾದಷ್ಟು ವಿವರ. ರಿಕವರಿಯಲ್ಲಿ ಯಾರನ್ನು ಸೇರಿಸಿಕೊಂಡರು ಎಂದರೆ, ಕೋವಿಡ್ ದೃಢಪಟ್ಟ ಅಥವಾ ಲಕ್ಷಣಗಳಿಂದ ಕೋವಿಡ್ ಎಂದು ಶಂಕಿಸಿದ, ಆಸ್ಪತ್ರೆಗೆ ದಾಖಲಾದ ರೋಗಿಗಳನ್ನು. ಏನು ಕೊಟ್ಟರು ಎಂದರೆ, ದಿನಕ್ಕೊಮ್ಮೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಬಾಯಿಯ ಮೂಲಕ ಅಥವಾ ರಕ್ತನಾಳಕ್ಕೆ, ಗರಿಷ್ಠ 10 ದಿನ ಅಥವಾ ಮನೆಗೆ ಕಳುಹಿಸುವವರೆಗೆ. ಹಂಚಿಕೆ ಹೇಗೆ ಎಂದರೆ, ಕಂಪ್ಯೂಟರ್ ಮೂಲಕ ಚೀಟಿ ಎತ್ತಿದಂತೆ, ಎಂದಿನ ಚಿಕಿತ್ಸೆಗೆ ಇಬ್ಬರಾದರೆ ಈ ಔಷಧಕ್ಕೆ ಒಬ್ಬರಂತೆ. ಯಾರಿಗೆ ಯಾವ ಔಷಧ ಎಂಬುದು ವೈದ್ಯರಿಗೂ ರೋಗಿಗೂ ತಿಳಿದಿತ್ತು, ಅದನ್ನೂ ಮುಚ್ಚಿಡದೆ ಹೇಳಿದ್ದಾರೆ. ಮುಖ್ಯ ಅಳತೆ 28 ದಿನಗಳೊಳಗೆ ಯಾವುದೇ ಕಾರಣದಿಂದ ಆದ ಸಾವು.

ಈಗ ಎರಡು ಸಂಖ್ಯೆಗಳನ್ನು ಹತ್ತಿರದಿಂದ ನೋಡಿ. ವಿಧಾನಗಳಲ್ಲಿ ಒಂದು ಲೆಕ್ಕವಿದೆ: ಸಾವಿನ ಪ್ರಮಾಣ ಶೇ 20 ಇದೆ ಎಂದಿಟ್ಟುಕೊಂಡರೆ, ಅದರಲ್ಲಿ ಐದನೇ ಒಂದು ಭಾಗದಷ್ಟು ಇಳಿಕೆಯನ್ನು ಗುರುತಿಸಲು ಔಷಧದ ಗುಂಪಿಗೆ ಕನಿಷ್ಠ 2,000, ಹೋಲಿಕೆಯ ಗುಂಪಿಗೆ 4,000 ರೋಗಿಗಳು ಬೇಕು. ಫಲಿತಾಂಶಗಳಲ್ಲಿ ಬೇರೆ ಸಂಖ್ಯೆಗಳಿವೆ: ಔಷಧದ ಗುಂಪಿನಲ್ಲಿ 2,104, ಹೋಲಿಕೆಯ ಗುಂಪಿನಲ್ಲಿ 4,321. ಎರಡೂ ರೋಗಿಗಳ ಲೆಕ್ಕವೇ. ಆದರೆ ಒಂದು ‘ಎಷ್ಟು ಬೇಕು’ ಎಂಬುದು, ಮತ್ತೊಂದು ‘ಎಷ್ಟು ಬಂದರು’ ಎಂಬುದು. ಮೊದಲನೆಯದು ಫಲಿತಾಂಶ ಏನೆಂದು ತಿಳಿಯದೆಯೇ ಹಾಕಿದ ಲೆಕ್ಕ, ಎರಡನೆಯದು ದತ್ತಾಂಶವೇ. ‘ಅಧ್ಯಯನದಲ್ಲಿ ಒಟ್ಟು 6,425 ರೋಗಿಗಳು ಭಾಗವಹಿಸಿದರು, ಅವರ ಸರಾಸರಿ ವಯಸ್ಸು 66’ ಎಂಬ ವಾಕ್ಯವನ್ನು ವಿಧಾನಗಳಲ್ಲಿ ಬರೆಯುವುದು ಬಹಳ ಸಾಮಾನ್ಯ ತಪ್ಪು. ಯಾರು ಬರುತ್ತಾರೆ, ಅವರ ವಯಸ್ಸೆಷ್ಟು ಎಂಬುದು ಯೋಜನೆ ಬರೆಯುವಾಗ ಗೊತ್ತಿರಲು ಸಾಧ್ಯವಿಲ್ಲ. ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಸೂಚನೆಯೂ ಇದನ್ನೇ ಹೇಳುತ್ತದೆ: ಯೋಜನೆ ಬರೆಯುವಾಗ ಲಭ್ಯವಿದ್ದ ಮಾಹಿತಿ ಮಾತ್ರ ವಿಧಾನಗಳಿಗೆ, ಅಧ್ಯಯನದ ವೇಳೆ ದೊರೆತದ್ದೆಲ್ಲ ಫಲಿತಾಂಶಗಳಿಗೆ.

ಹಾಗಾದರೆ ಯೋಜನೆಯೇ ನಡುವೆ ಬದಲಾದರೆ? ಇಲ್ಲಿ ರಿಕವರಿ ಪ್ರಬಂಧ ಒಂದು ಒಳ್ಳೆಯ ಪಾಠ ಕೊಡುತ್ತದೆ. ಚೀಟಿ ಎತ್ತಿ ಹಂಚಿದರೂ ಅದೃಷ್ಟದ ಆಟದಿಂದ ಔಷಧದ ಗುಂಪಿನವರ ಸರಾಸರಿ ವಯಸ್ಸು ಇನ್ನೊಂದು ಗುಂಪಿನವರಿಗಿಂತ 1.1 ವರ್ಷ ಹೆಚ್ಚಾಯಿತು. ಕೋವಿಡ್‌ನಲ್ಲಿ ವಯಸ್ಸು ಹೆಚ್ಚಿದಂತೆ ಸಾವೂ ಹೆಚ್ಚು, ಆದ್ದರಿಂದ ಈ ಸಣ್ಣ ವ್ಯತ್ಯಾಸವೂ ಔಷಧಕ್ಕೆ ವಿರುದ್ಧವಾಗಿ ವಾಲುತ್ತದೆ. ಸಂಶೋಧಕರು ರೋಗಿಗಳನ್ನು 70ಕ್ಕಿಂತ ಕೆಳಗೆ, 70ರಿಂದ 79, 80 ಮತ್ತು ಮೇಲೆ ಎಂದು ಮೂರು ವಯೋಗುಂಪುಗಳಾಗಿ ಮಾಡಿ ಲೆಕ್ಕವನ್ನು ಹೊಂದಿಸಿದರು. ಇದು ಮೊದಲ ಯೋಜನೆಯಲ್ಲಿ ಇರಲಿಲ್ಲ. ಆ ಮಾತನ್ನು ಅವರು ವಿಧಾನಗಳಲ್ಲೇ ನೇರವಾಗಿ ಬರೆದಿದ್ದಾರೆ: ಈ ಹೊಂದಾಣಿಕೆ ವಿಶ್ಲೇಷಣಾ ಯೋಜನೆಯ ಮೊದಲ ಆವೃತ್ತಿಯಲ್ಲಿ ಇರಲಿಲ್ಲ, ವಯಸ್ಸಿನ ವ್ಯತ್ಯಾಸ ಕಂಡ ಮೇಲೆ ಸೇರಿಸಿದೆವು, ಹೊಂದಿಸದ ಲೆಕ್ಕ ಅನುಬಂಧದಲ್ಲಿದೆ.

ಈ ಬದಲಾವಣೆ ಔಷಧವನ್ನು ಇನ್ನಷ್ಟು ಚೆನ್ನಾಗಿ ತೋರಿಸುವ ಕಡೆಗೇ ಇತ್ತು ಎಂಬುದನ್ನು ಗಮನಿಸಿ. ಅದಕ್ಕೇ ಅದನ್ನು ಹೇಳಲೇಬೇಕಿತ್ತು. ಮೂರು ಅಂಶಗಳನ್ನು ಇಲ್ಲಿಂದ ಕಲಿಯಿರಿ. ಏನು ಬದಲಾಯಿತು, ಯಾವಾಗ ಮತ್ತು ಏಕೆ ಬದಲಾಯಿತು, ಬದಲಾಗದಿದ್ದರೆ ಉತ್ತರ ಏನಿರುತ್ತಿತ್ತು? ನಿಮ್ಮ ಅಧ್ಯಯನದಲ್ಲಿ ಉಪಕರಣ ನಡುವೆ ಕೆಟ್ಟು ಬೇರೆಯದನ್ನು ಬಳಸಿರಬಹುದು, ಮಳೆ ಬಂದು ಎರಡು ತಾಕುಗಳು ಕೊಚ್ಚಿಹೋಗಿರಬಹುದು. ನಿಯಮವನ್ನು ಬದಲಿಸಿದ್ದು ವಿಧಾನಗಳಲ್ಲಿ ಬರುತ್ತದೆ, ಅದರಿಂದ ಎಷ್ಟು ಮಾದರಿಗಳು ಕಳೆದವು ಎಂಬುದು ಫಲಿತಾಂಶಗಳಲ್ಲಿ ಬರುತ್ತದೆ.

ಇನ್ನು ಸಣ್ಣ ಸಂಗತಿಗಳು. ಸರ್ವಸಾಮಾನ್ಯ ವಿಧಾನವನ್ನು ಪಠ್ಯಪುಸ್ತಕದಂತೆ ವಿವರಿಸಬೇಡಿ, ಹೆಸರು ಹೇಳಿ ನೀವು ಮಾಡಿಕೊಂಡ ಮಾರ್ಪಾಡನ್ನು ಮಾತ್ರ ವಿವರಿಸಿ. ರಾಸಾಯನಿಕದ ಸಾಂದ್ರತೆ, ತಾಪಮಾನ, ಅವಧಿ, ಉಪಕರಣದ ಮಾದರಿ ಇರಲಿ. ನೈತಿಕ ಸಮಿತಿಯ ಅನುಮತಿಯೂ ಇಲ್ಲಿಗೇ. ಫಲಿತಾಂಶಗಳಲ್ಲಿ ಬರುವ ಪ್ರತಿಯೊಂದು ಅಳತೆಗೂ ವಿಧಾನಗಳಲ್ಲಿ ಒಂದು ಹುಟ್ಟು ಇರಲೇಬೇಕು. ಇದನ್ನು ಬೆರಳಿಟ್ಟು ಒಂದೊಂದಾಗಿ ಹೊಂದಿಸಿ ನೋಡಿ.

ಹಂತ 3: ಫಲಿತಾಂಶಗಳು

ಮೊದಲು ಕೋಷ್ಟಕಗಳನ್ನೂ ಚಿತ್ರಗಳನ್ನೂ ಮಾಡಿ, ಅವನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಕಥೆ ಅಲ್ಲೇ ಕಾಣಬೇಕು. ಬರಹ ಅವುಗಳ ಕೈಹಿಡಿದು ನಡೆಸುವುದಷ್ಟೇ. ಕೋಷ್ಟಕದಲ್ಲಿರುವ ಎಲ್ಲವನ್ನೂ ವಾಕ್ಯಗಳಲ್ಲಿ ಮತ್ತೆ ಬರೆಯಬೇಡಿ, ಓದುಗ ಯಾವ ಸಾಲನ್ನು ನೋಡಬೇಕು ಎಂದು ತೋರಿಸಿ.

ಕ್ರಮ ಹೀಗಿರಲಿ: ಮೊದಲು ಯಾರು ಬಂದರು, ಎಷ್ಟು ಮಂದಿ ಉಳಿದರು, ಎರಡು ಗುಂಪುಗಳು ಶುರುವಿನಲ್ಲಿ ಹೇಗಿದ್ದವು. ನಂತರ ಮುಖ್ಯ ಪ್ರಶ್ನೆಯ ಉತ್ತರ. ಆಮೇಲೆ ಉಳಿದದ್ದು. ಮುಖ್ಯ ಉತ್ತರವನ್ನು ಮೂರನೇ ಪುಟಕ್ಕೆ ತಳ್ಳಿ, ಅಚ್ಚರಿಯ ಒಂದು ಉಪಫಲಿತಾಂಶವನ್ನು ಮುಂದೆ ತರುವ ಆಸೆ ಬರುತ್ತದೆ. ಅದನ್ನು ತಡೆದುಕೊಳ್ಳಿ.

ರಿಕವರಿಯ ಮುಖ್ಯ ಉತ್ತರ ಇದು: ಔಷಧದ ಗುಂಪಿನ 2,104 ಮಂದಿಯಲ್ಲಿ 482 ಮಂದಿ, ಅಂದರೆ ಶೇ 22.9, 28 ದಿನಗಳೊಳಗೆ ತೀರಿಕೊಂಡರು. ಹೋಲಿಕೆಯ ಗುಂಪಿನ 4,321 ಮಂದಿಯಲ್ಲಿ 1,110 ಮಂದಿ, ಅಂದರೆ ಶೇ 25.7. ವಯಸ್ಸಿಗೆ ಹೊಂದಿಸಿದ ಸಾವಿನ ದರಗಳ ಅನುಪಾತ 0.83, ಅದರ ಶೇ 95ರ ವಿಶ್ವಾಸಾಂತರ 0.75ರಿಂದ 0.93.

ಒಳ್ಳೆಯ ಫಲಿತಾಂಶ ವಾಕ್ಯದ ಅಂಗಗಳೆಲ್ಲ ಇಲ್ಲಿವೆ. ಶೇಕಡಾವಾರಿನ ಜೊತೆ ಅಸಲಿ ಎಣಿಕೆ ಇದೆ. ವ್ಯತ್ಯಾಸದ ಗಾತ್ರ ಇದೆ. ಆ ಗಾತ್ರ ಎಷ್ಟರಮಟ್ಟಿಗೆ ಅನಿಶ್ಚಿತ ಎಂಬುದಕ್ಕೆ ಅಂತರ ಇದೆ. ‘ಗಮನಾರ್ಹ ವ್ಯತ್ಯಾಸ ಕಂಡುಬಂತು’ ಎಂದು ಪಿ ಮೌಲ್ಯವೊಂದನ್ನೇ ಬರೆದು ಸುಮ್ಮನಾಗುವವರಿಗೆ ನಾನು ಇದೇ ವಾಕ್ಯವನ್ನು ತೋರಿಸುತ್ತೇನೆ. ಪಿ ಮೌಲ್ಯ ಸಾವು ಎಷ್ಟು ಕಡಿಮೆಯಾಯಿತು ಎಂದು ಹೇಳುವುದಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ, ಕ್ಯಾಲ್ಕ್ಯುಲೇಟರ್ ತೆಗೆದುಕೊಳ್ಳಿ. 22.9ನ್ನು 25.7ರಿಂದ ಭಾಗಿಸಿದರೆ ಸಿಗುವುದು 0.89. ಪ್ರಬಂಧ 0.83 ಎನ್ನುತ್ತದೆ. ತಪ್ಪಾಗಿದೆಯೇ? ಇಲ್ಲ. ವಿಧಾನಗಳಿಗೆ ಹಿಂತಿರುಗಿದರೆ ಉತ್ತರ ಸಿಗುತ್ತದೆ: ಲೆಕ್ಕವನ್ನು ವಯಸ್ಸಿಗೆ ಹೊಂದಿಸಲಾಗಿದೆ, ಜೊತೆಗೆ ಅದು ಎರಡು ಶೇಕಡಾವಾರುಗಳ ಸರಳ ಭಾಗಾಕಾರವಲ್ಲ, ಸಾವು ಯಾವ ದಿನ ಆಯಿತು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳುವ ಕಾಕ್ಸ್ ವಿಧಾನದಿಂದ ಬಂದದ್ದು. ವಿಧಾನಗಳಲ್ಲಿ ಆ ನಾಲ್ಕು ಸಾಲು ಇಲ್ಲದಿದ್ದರೆ ಎಚ್ಚರದ ಓದುಗ ಇಲ್ಲಿ ಎಡವಿ ಇಡೀ ಪ್ರಬಂಧವನ್ನೇ ಶಂಕಿಸುತ್ತಿದ್ದ. ವಿಭಾಗಗಳು ಒಂದಕ್ಕೊಂದು ಹೀಗೆ ಕೊಂಡಿ ಹಾಕಿಕೊಂಡಿರುತ್ತವೆ.

ಮುಂದಿನದು ಉಪಗುಂಪುಗಳು. ಸೇರ್ಪಡೆಯ ಹೊತ್ತಿನಲ್ಲಿ ರೋಗಿಗೆ ಉಸಿರಾಟದ ನೆರವು ಎಷ್ಟಿತ್ತು ಎಂಬುದರ ಮೇಲೆ ಮೂರು ಗುಂಪು ಮಾಡುವುದಾಗಿ ಮೊದಲೇ ನಿರ್ಧರಿಸಿದ್ದರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಔಷಧದೊಂದಿಗೆ ಶೇ 29.3, ಇಲ್ಲದೆ ಶೇ 41.4. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಶೇ 23.3 ಮತ್ತು ಶೇ 26.2. ಯಾವ ನೆರವೂ ಬೇಕಿರದವರಲ್ಲಿ ಶೇ 17.8 ಮತ್ತು ಶೇ 14.0. ಕೊನೆಯ ಗುಂಪಿನಲ್ಲಿ ದಿಕ್ಕು ತಿರುಗಿದೆ: ಔಷಧ ಪಡೆದವರಲ್ಲೇ ಸಾವು ಹೆಚ್ಚು. ಅನುಪಾತ 1.19, ವಿಶ್ವಾಸಾಂತರ 0.92ರಿಂದ 1.55.

ಈ ಕೊನೆಯ ಸಾಲನ್ನು ಫಲಿತಾಂಶಗಳಲ್ಲಿ ಹೇಗೆ ಬರೆಯುವುದು? ‘ಸೌಮ್ಯ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಹಾನಿಕರ’ ಎಂದರೆ ದತ್ತಾಂಶ ಹೇಳದ್ದನ್ನು ಹೇಳಿದಂತೆ, ಏಕೆಂದರೆ ಅಂತರದಲ್ಲಿ 1 ಕೂಡ, ಅಂದರೆ ಎರಡೂ ಗುಂಪುಗಳಲ್ಲಿ ಸಾವು ಸಮ ಎಂಬ ಸಾಧ್ಯತೆಯೂ, ಸೇರಿದೆ. ‘ಸೌಮ್ಯ ರೋಗಿಗಳ ಮೇಲೆ ಔಷಧ ಯಾವ ಪರಿಣಾಮವನ್ನೂ ಬೀರಲಿಲ್ಲ’ ಎಂಬುದೂ ತಪ್ಪು, ಏಕೆಂದರೆ ಅದೇ ಅಂತರದಲ್ಲಿ ಅರ್ಧದಷ್ಟು ಹೆಚ್ಚು ಸಾವಿನ ಸಾಧ್ಯತೆಯೂ ಇದೆ. ಎರಡು ಶೇಕಡಾವಾರು, ಅನುಪಾತ, ಅಂತರ ಇಷ್ಟನ್ನು ಬರೆದು, ‘ಯಾವ ನೆರವೂ ಪಡೆಯದಿದ್ದವರಲ್ಲಿ ಪ್ರಯೋಜನಕ್ಕೆ ಆಧಾರ ಕಂಡುಬರಲಿಲ್ಲ’ ಎಂದು ಹೇಳಿ ಮುಂದೆ ಹೋಗಬೇಕು. ಅದರ ಅರ್ಥ ಏನಿರಬಹುದು ಎಂಬುದು ಮುಂದಿನ ವಿಭಾಗದ ಕೆಲಸ.

ಫಲಿತಾಂಶಗಳಲ್ಲಿ ಅಭಿಪ್ರಾಯ ನುಸುಳಿದೆಯೇ ಎಂದು ಕಂಡುಹಿಡಿಯಲು ಸುಲಭದ ಉಪಾಯವೊಂದಿದೆ. ‘ಏಕೆಂದರೆ’, ‘ಇದರಿಂದ’, ‘ಅಚ್ಚರಿ ಎಂಬಂತೆ’, ‘ದುರದೃಷ್ಟವಶಾತ್’, ‘ಸೂಚಿಸುತ್ತದೆ’ ಎಂಬ ಪದಗಳಿಗಾಗಿ ಹುಡುಕಿ. ಅವು ಸಿಕ್ಕಲ್ಲೆಲ್ಲ ವಾಕ್ಯದ ಬಾಲ ಚರ್ಚೆಗೆ ಹೋಗಬೇಕಿರುತ್ತದೆ.

ಹಂತ 4: ಚರ್ಚೆ

ಚರ್ಚೆಯ ಮೊದಲ ಪ್ಯಾರಾದಲ್ಲಿ ಹಂತ 1ರ ಪ್ರಶ್ನೆಗೆ ನೇರ ಉತ್ತರ ಬರಬೇಕು, ಸಂಖ್ಯೆಗಳ ಸಾಲನ್ನು ಮತ್ತೆ ಹಾಡದೆ. ರಿಕವರಿಯ ಉತ್ತರವನ್ನು ಕನ್ನಡದಲ್ಲಿ ಹೇಳುವುದಾದರೆ: ಉಸಿರಾಟದ ನೆರವು ಪಡೆಯುತ್ತಿದ್ದವರಲ್ಲಿ ಡೆಕ್ಸಾಮೆಥಾಸೋನ್ 28 ದಿನಗಳ ಸಾವನ್ನು ತಗ್ಗಿಸಿತು, ನೆರವು ಬೇಕಿರದವರಲ್ಲಿ ಪ್ರಯೋಜನಕ್ಕೆ ಆಧಾರವಿಲ್ಲ, ಹಾನಿಯ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ಫಲಿತಾಂಶಗಳಲ್ಲಿ ಒಟ್ಟಾರೆ ಸಂಖ್ಯೆ ಮೊದಲು ಬಂದಿತ್ತು. ಚರ್ಚೆ ಆ ಒಟ್ಟು ಸಂಖ್ಯೆಯ ಒಳಗಿನ ಒಡಕನ್ನೇ ಮುಂದಿಟ್ಟಿತು. ಇದು ಲೇಖಕರ ತೀರ್ಮಾನ, ಮತ್ತು ಇಂಥ ತೀರ್ಮಾನಕ್ಕೆ ಚರ್ಚೆಯೇ ತಾವು. ‘ಒಟ್ಟಾರೆ ಸಾವು ಕಡಿಮೆಯಾಯಿತು, ಆದ್ದರಿಂದ ಆಸ್ಪತ್ರೆಗೆ ಬಂದವರಿಗೆಲ್ಲ ಕೊಡಿ’ ಎಂದು ಬರೆದಿದ್ದರೆ ಅದೇ ಸಂಖ್ಯೆಗಳಿಂದ ಅಪಾಯಕರ ಸಲಹೆ ಹೊರಡುತ್ತಿತ್ತು. 2021ರ ಎರಡನೇ ಅಲೆಯಲ್ಲಿ ನಮ್ಮ ದೇಶದಲ್ಲಿ ಮನೆಯಲ್ಲೇ ಇದ್ದ ಸೌಮ್ಯ ಲಕ್ಷಣದವರು ಸ್ಟೀರಾಯ್ಡ್ ನುಂಗಬಾರದೆಂದು ತಜ್ಞ ವೈದ್ಯರು ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಒಂದು ಔಷಧದ ಒಳ್ಳೆಯ ಹೆಸರು ‘ಯಾರಲ್ಲಿ’ ಎಂಬ ಮಾತನ್ನು ಕಳೆದುಕೊಂಡು ಓಡಾಡಿದರೆ ಏನಾಗುತ್ತದೆ ಎಂಬುದನ್ನು ಅಂದು ನಾವೆಲ್ಲ ನೋಡಿದೆವು.

ಉತ್ತರದ ನಂತರ ಕಾರಣ. ರಿಕವರಿ ಲೇಖಕರ ವಿವರಣೆ ಹೀಗಿದೆ: ಕಾಯಿಲೆಯ ಆರಂಭದಲ್ಲಿ ವೈರಸ್‌ನ ವೃದ್ಧಿ ಮುಖ್ಯ, ತಡವಾದ ಹಂತದಲ್ಲಿ ದೇಹದ್ದೇ ಉರಿಯೂತ ಶ್ವಾಸಕೋಶವನ್ನು ಕೆಡಿಸುತ್ತದೆ. ಉರಿಯೂತ ತಗ್ಗಿಸುವ ಔಷಧ ಎರಡನೇ ಹಂತದಲ್ಲೇ ಕೆಲಸಕ್ಕೆ ಬರುತ್ತದೆ. ಇದಕ್ಕೆ ಆಧಾರವನ್ನೂ ಅವರು ತಮ್ಮದೇ ಫಲಿತಾಂಶಗಳಿಂದ ಎತ್ತಿದರು: ಲಕ್ಷಣ ಶುರುವಾಗಿ ಏಳು ದಿನ ಮೀರಿದ ಮೇಲೆ ಸೇರಿದವರಲ್ಲಿ ಪ್ರಯೋಜನ ಸ್ಪಷ್ಟವಾಗಿತ್ತು. ಕಾರಣ ಹೇಳುವಾಗ ನೀವೂ ಹೀಗೆಯೇ ಮಾಡಬೇಕು. ನಿಮ್ಮ ಫಲಿತಾಂಶಗಳಲ್ಲಿ ಯಾವ ಸಾಲು ಆ ಕಾರಣಕ್ಕೆ ಬೆಂಬಲ ಕೊಡುತ್ತದೆ ಎಂದು ಬೆರಳಿಟ್ಟು ತೋರಿಸಿ. ತೋರಿಸಲಾಗದಿದ್ದರೆ ‘ಇರಬಹುದು’ ಎಂದು ಒಪ್ಪಿಕೊಂಡು ಎರಡೇ ವಾಕ್ಯದಲ್ಲಿ ಮುಗಿಸಿ. ಮತ್ತು ಫಲಿತಾಂಶಗಳಲ್ಲಿ ಇಲ್ಲದ ಹೊಸ ದತ್ತಾಂಶವನ್ನು ಚರ್ಚೆಯಲ್ಲಿ ಎಂದೂ ಹೊರತೆಗೆಯಬೇಡಿ.

ಆಮೇಲೆ ಹಿಂದಿನವರ ಕೆಲಸದೊಡನೆ ಹೋಲಿಕೆ. ‘ಇಂಥವರ ಅಧ್ಯಯನದೊಂದಿಗೆ ಹೊಂದುತ್ತದೆ, ಇಂಥವರದ್ದರೊಂದಿಗೆ ಹೊಂದುವುದಿಲ್ಲ’ ಎಂಬ ಪಟ್ಟಿ ಓದುಗನಿಗೆ ಏನನ್ನೂ ಕೊಡುವುದಿಲ್ಲ. ಹೊಂದದಿದ್ದರೆ ಏಕೆ ಹೊಂದಲಿಲ್ಲ? ಪ್ರಮಾಣ ಬೇರೆಯೇ, ರೋಗಿಗಳು ಬೇರೆಯೇ, ಅಳೆದ ದಿನ ಬೇರೆಯೇ?

ಮಿತಿಗಳ ಪ್ಯಾರಾವನ್ನು ಹರಕೆ ತೀರಿಸಿದಂತೆ ಬರೆಯುವವರು ಬಹಳ. ‘ಮಾದರಿಯ ಗಾತ್ರ ಚಿಕ್ಕದು, ಇನ್ನಷ್ಟು ಸಂಶೋಧನೆ ಅಗತ್ಯ’ ಎಂಬುದು ಯಾವ ಪ್ರಬಂಧಕ್ಕಾದರೂ ಅಂಟಿಸಬಹುದಾದ ಚೀಟಿ. ಮಿತಿ ಹೇಳುವುದೆಂದರೆ ಆ ಮಿತಿ ಉತ್ತರವನ್ನು ಯಾವ ದಿಕ್ಕಿಗೆ ಎಳೆಯಬಹುದು ಎಂದು ಹೇಳುವುದು. ರಿಕವರಿಯಂಥ ಪ್ರಯೋಗವನ್ನೇ ಹಿಡಿದು ಯೋಚಿಸಿ. ಯಾರಿಗೆ ಏನು ಕೊಡುತ್ತಿದ್ದೇವೆ ಎಂದು ವೈದ್ಯರಿಗೆ ಗೊತ್ತಿತ್ತು. ‘ರೋಗಿಗೆ ಹಾಯೆನಿಸಿತೇ’ ಎಂದು ಅಳೆದಿದ್ದರೆ ಇದು ದೊಡ್ಡ ದೋಷ. ಅಳೆದದ್ದು ಸಾವನ್ನು, ಸಾವಿನ ಎಣಿಕೆಯಲ್ಲಿ ಅಳೆಯುವವರ ಆಸೆಗೆ ಜಾಗ ಬಹಳ ಕಡಿಮೆ. ಇನ್ನೊಂದು: ಹೋಲಿಕೆಯ ಗುಂಪಿನಲ್ಲೂ ಕೆಲವರಿಗೆ ವೈದ್ಯರು ಡೆಕ್ಸಾಮೆಥಾಸೋನ್ ಕೊಟ್ಟಿದ್ದರು. ಲೆಕ್ಕವನ್ನು ಹಂಚಿಕೆಯಾದ ಗುಂಪಿನ ಪ್ರಕಾರವೇ ಮಾಡಿದ್ದರಿಂದ ಇದು ವ್ಯತ್ಯಾಸವನ್ನು ಹಿಗ್ಗಿಸುವುದಿಲ್ಲ, ಕುಗ್ಗಿಸುತ್ತದೆ. ಹೀಗೆ ದಿಕ್ಕು ಸಮೇತ ಬರೆದ ಮಿತಿ ಓದುಗನಿಗೆ ನಿಜವಾಗಿ ನೆರವಾಗುತ್ತದೆ.

ಹಂತ 5: ಪೀಠಿಕೆ

ಈಗ ಪೀಠಿಕೆ. ಉತ್ತರ ಏನೆಂದು ಗೊತ್ತಾದ ಮೇಲೆ ಯಾವ ಪ್ರಶ್ನೆಗೆ ದಾರಿ ಮಾಡಬೇಕು ಎಂಬುದೂ ಗೊತ್ತಿರುತ್ತದೆ. ಆದರೆ ಒಂದು ಎಚ್ಚರ: ಉತ್ತರವನ್ನು ಮೊದಲೇ ಊಹಿಸಿದ್ದೆವು ಎಂಬಂತೆ ಪೀಠಿಕೆಯನ್ನು ತಿದ್ದಬೇಡಿ. ಕಾಲದ ಅಳತೆಗೋಲು ಇಲ್ಲಿಯೂ ಅನ್ವಯಿಸುತ್ತದೆ.

ಪೀಠಿಕೆಗೆ ಮೂರು ಹೆಜ್ಜೆ ಸಾಕು. ಏನು ಗೊತ್ತಿದೆ, ಏನು ಗೊತ್ತಿಲ್ಲ, ನಾವು ಏನು ಮಾಡಿದೆವು. ರಿಕವರಿಯಲ್ಲಿ ಮೊದಲ ಹೆಜ್ಜೆ ಕೋವಿಡ್ ತೀವ್ರವಾದವರ ಶ್ವಾಸಕೋಶಕ್ಕೆ ಏನಾಗುತ್ತದೆ, ಉರಿಯೂತದ ಪಾತ್ರವೇನು ಎಂಬುದು. ಎರಡನೆಯದು ಸ್ಟೀರಾಯ್ಡ್ ಬಗ್ಗೆ ಇದ್ದ ಗೊಂದಲ: ಕೊಡಬಹುದೆಂದು ಕೆಲವು ಮಾರ್ಗಸೂಚಿಗಳು, ಬೇಡವೆಂದು ಕೆಲವು, ಎರಡಕ್ಕೂ ದೊಡ್ಡ ಪ್ರಯೋಗದ ಆಧಾರವಿರಲಿಲ್ಲ. ಮೂರನೆಯದು ‘ಆ ಪ್ರಯೋಗದ ಫಲಿತಾಂಶವನ್ನು ಇಲ್ಲಿ ವರದಿ ಮಾಡುತ್ತಿದ್ದೇವೆ’ ಎಂಬ ವಾಕ್ಯ. ಅದು ಚಿಕ್ಕ ಪೀಠಿಕೆ. ಜಗತ್ತಿನ ಸೋಂಕಿತರ ಎಣಿಕೆ, ಸ್ಟೀರಾಯ್ಡ್‌ಗಳ ರಸಾಯನಶಾಸ್ತ್ರ ಯಾವುದನ್ನೂ ಅದು ಎಳೆದು ತಂದಿಲ್ಲ.

ವಿದ್ಯಾರ್ಥಿಗಳ ಪೀಠಿಕೆ ಉದ್ದವಾಗುವುದು ಮೊದಲ ಹೆಜ್ಜೆಯಲ್ಲಿ. ಮಹಾಪ್ರಬಂಧದ ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನೇ ಮೊಟಕುಗೊಳಿಸಿ ತಂದಿಟ್ಟಿರುತ್ತಾರೆ. ಪ್ರತಿ ಪ್ಯಾರಾಕ್ಕೂ ಕೇಳಿ: ಇದನ್ನು ತೆಗೆದರೆ ಪ್ರಶ್ನೆ ಅರ್ಥವಾಗುವುದಿಲ್ಲವೇ? ಅರ್ಥವಾಗುತ್ತದೆ ಎಂದಾದರೆ ತೆಗೆಯಿರಿ. ಎರಡನೇ ಹೆಜ್ಜೆಯಲ್ಲಿ ‘ನಮ್ಮ ಜಿಲ್ಲೆಯಲ್ಲಿ ಯಾರೂ ಇದನ್ನು ಮಾಡಿಲ್ಲ’ ಎಂದಷ್ಟೇ ಬರೆಯುವುದೂ ಸಾಲದು. ಬೇರೆಡೆ ಬಂದ ಉತ್ತರ ನಿಮ್ಮ ಜಿಲ್ಲೆಯಲ್ಲಿ ಏಕೆ ಬದಲಾಗಬಹುದು ಎಂಬ ಕಾರಣ ಇದ್ದರೆ ಮಾತ್ರ ಅದು ನಿಜವಾದ ಕೊರತೆ: ಮಣ್ಣು ಬೇರೆ, ಆಹಾರ ಬೇರೆ, ನೀರಿನ ಫ್ಲೋರೈಡ್ ಬೇರೆ, ಹೀಗೆ.

ಹಂತ 6: ಸಾರಾಂಶ ಮತ್ತು ಶೀರ್ಷಿಕೆ

ಸಾರಾಂಶವೆಂದರೆ ಇಡೀ ಇಮ್ರಾಡ್‌ನ ಪುಟ್ಟ ಪ್ರತಿ. ನಾಲ್ಕು ವಿಭಾಗಗಳಿಂದ ಎರಡೆರಡು ವಾಕ್ಯ ಎತ್ತಿ ಜೋಡಿಸಿ, ಫಲಿತಾಂಶಕ್ಕೆ ಮಾತ್ರ ಹೆಚ್ಚು ಜಾಗ ಕೊಡಿ. ಮುಖ್ಯ ಸಂಖ್ಯೆ ಅಂತರದೊಡನೆ ಇರಲೇಬೇಕು. ಪ್ರಬಂಧದ ಒಡಲಲ್ಲಿ ಇಲ್ಲದ ಮಾತು ಇಲ್ಲಿ ಇರಬಾರದು, ಒಡಲಲ್ಲಿ ‘ಇರಬಹುದು’ ಎಂದದ್ದು ಇಲ್ಲಿ ‘ಇದೆ’ ಎಂದಾಗಬಾರದು. ಬಹಳ ಮಂದಿ ಓದುವುದು ಇದನ್ನೊಂದೇ. ಸಂಖ್ಯೆಗಳನ್ನು ಕೊನೆಯಲ್ಲಿ ಒಮ್ಮೆ ಕೋಷ್ಟಕದೊಂದಿಗೆ ತಾಳೆ ನೋಡಿ. ಕರಡು ಬದಲಾಗುತ್ತಾ ಹೋದಂತೆ ಸಾರಾಂಶದಲ್ಲಿ ಹಳೆಯ ಸಂಖ್ಯೆ ಉಳಿದುಬಿಡುವುದು ನಾನು ಪದೇ ಪದೇ ಕಂಡ ದೋಷ.

ಹಂತ 7: ವಾಕ್ಯಗಳನ್ನು ಒಡೆದು ಹಂಚಿ

ಕರಡು ಮುಗಿದ ಮೇಲೆ ಇಡೀ ಪ್ರಬಂಧವನ್ನು ಅಚ್ಚು ಹಾಕಿಸಿಕೊಂಡು, ಒಂದೊಂದು ವಾಕ್ಯದ ಪಕ್ಕ ಪೀ, ವಿ, ಫ, ಚ ಎಂಬ ಅಕ್ಷರಗಳಲ್ಲಿ ಒಂದನ್ನು ಬರೆಯುತ್ತಾ ಹೋಗಿ. ವಿಭಾಗದ ಹೆಸರು ನೋಡಬೇಡಿ, ವಾಕ್ಯವನ್ನಷ್ಟೇ ನೋಡಿ. ಒಂದು ವಾಕ್ಯಕ್ಕೆ ಎರಡು ಅಕ್ಷರ ಬಂದರೆ ಅದನ್ನು ಒಡೆಯಬೇಕು. ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ, ಇಂಥವು ಕರಡುಗಳಲ್ಲಿ ಧಾರಾಳವಾಗಿ ಸಿಗುತ್ತವೆ:

‘ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಪಡೆದ, ವೆಂಟಿಲೇಟರ್ ಮೇಲಿದ್ದ ರೋಗಿಗಳಲ್ಲಿ ಉರಿಯೂತ ತಗ್ಗಿದ್ದರಿಂದ ಸಾವು ಗಣನೀಯವಾಗಿ ಕಡಿಮೆಯಾಯಿತು.’

ಕೇಳಲು ಸರಿಯಾಗಿಯೇ ಇದೆ. ಒಡೆದು ನೋಡಿ. ದಿನಕ್ಕೆ 6 ಮಿಲಿಗ್ರಾಂ ಎಂಬುದು ಯೋಜನೆಯಲ್ಲೇ ಇದ್ದ ಮಾತು, ಅದು ವಿಧಾನಗಳಿಗೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ 41.4ರ ಬದಲು ಶೇ 29.3 ಇತ್ತು ಎಂಬುದು ಫಲಿತಾಂಶಗಳಿಗೆ, ‘ಗಣನೀಯವಾಗಿ’ ಎಂಬ ಪದದ ಜಾಗದಲ್ಲಿ ಈ ಎರಡು ಸಂಖ್ಯೆಗಳು ಬರಬೇಕು. ‘ಉರಿಯೂತ ತಗ್ಗಿದ್ದರಿಂದ’ ಎಂಬುದು ಚರ್ಚೆಗೆ, ಅದೂ ‘ಇರಬಹುದು’ ಎಂಬ ರೂಪದಲ್ಲಿ, ಏಕೆಂದರೆ ಮುಖ್ಯ ಅಳತೆ ಸಾವು, ಉರಿಯೂತವಲ್ಲ. ಒಂದು ವಾಕ್ಯ ಮೂರು ಮನೆ ಸೇರಿತು, ಅಡಗಿದ್ದ ಒಂದು ಅತಿಮಾತೂ ಹೊರಬಿತ್ತು.

ಈ ರಚನೆ ಎಲ್ಲದಕ್ಕೂ ಹೊಂದುವುದಿಲ್ಲ. ಗಣಿತದ ಪ್ರಬಂಧಕ್ಕೆ, ಒಬ್ಬನೇ ರೋಗಿಯ ಪ್ರಕರಣದ ವರದಿಗೆ, ಸಮೀಕ್ಷಾ ಲೇಖನಕ್ಕೆ ಬೇರೆ ರೂಪಗಳಿವೆ. ಜೀವವಿಜ್ಞಾನದ ಕೆಲವು ನಿಯತಕಾಲಿಕೆಗಳು ವಿಧಾನಗಳನ್ನು ಕೊನೆಗೆ ಹಾಕುತ್ತವೆ. ಕೆಲವು ಕಡೆ ಫಲಿತಾಂಶ ಮತ್ತು ಚರ್ಚೆಯನ್ನು ಒಂದೇ ವಿಭಾಗವಾಗಿ ಬರೆಯಲು ಬಿಡುತ್ತಾರೆ. ಅಲ್ಲಿಯೂ ಮೊದಲ ಕರಡನ್ನು ಎರಡಾಗಿಯೇ ಬರೆದು ಆಮೇಲೆ ಸೇರಿಸಿ. ಸೇರಿಸುವಾಗ ಪ್ರತಿ ಪ್ಯಾರಾದಲ್ಲಿ ಕಂಡದ್ದು ಮೊದಲು, ಅನಿಸಿದ್ದು ನಂತರ ಬರುವಂತೆ ನೋಡಿಕೊಳ್ಳಿ, ಪೆನ್ಸಿಲ್‌ನ ಫ ಮತ್ತು ಚ ಗುರುತುಗಳನ್ನು ಕೊನೆಯ ಪ್ರತಿಯವರೆಗೂ ಅಳಿಸಬೇಡಿ.